ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ರೈಲು, ಹತ್ತಿ ಮತ್ತು ಮೂರು ಸಲ ಬರೆದ ಒಂದು ಉತ್ತರ

ಹಿನ್ನೆಲೆ

ಈ ಪ್ರಕರಣದ ವಿದ್ಯಾರ್ಥಿನಿಯನ್ನು ಸವಿತಾ ಅಂತ ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಊರು, ಕಾಲೇಜು, ಪರೀಕ್ಷೆ ಬರೆದ ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹತ್ತಿ ಬೆಳೆಯುವ ಮನೆಯಿಂದ ಬಂದ ಹುಡುಗಿ, ಇತಿಹಾಸದಲ್ಲಿ ಎಂ.ಎ. ಮುಗಿಸಿ ಮುಖ್ಯ ಪರೀಕ್ಷೆಗೆ ತಯಾರಿ ನಡೆಸಿದ್ದಳು ಎಂಬಷ್ಟು ಗೊತ್ತಿದ್ದರೆ ಸಾಕು. ನಾನು ಧಾರವಾಡದಲ್ಲಿ ಇತಿಹಾಸದ ಉತ್ತರ ಬರೆಯುವುದನ್ನು ಹೇಳಿಕೊಡುತ್ತೇನೆ. ವಾರಕ್ಕೊಂದು ಪ್ರಶ್ನೆ ಕೊಟ್ಟು, 40 ನಿಮಿಷ ಬರೆಸಿ, ಕೂತು ತಿದ್ದುವುದು ನಮ್ಮ ಪದ್ಧತಿ.

ಆ ವಾರದ ಪ್ರಶ್ನೆ ಹೀಗಿತ್ತು: "ರೈಲ್ವೆಗಳು ವಸಾಹತು ಆರ್ಥಿಕತೆಗಳನ್ನು ಪರಿವರ್ತಿಸಿದವು. ಈ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?" 20 ಅಂಕ.

ಸವಿತಾಳಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. 1853ರಲ್ಲಿ ಬಾಂಬೆಯ ಬೋರಿ ಬಂದರಿನಿಂದ ಥಾಣೆಗೆ ಹೋದ ಮೊದಲ ಪ್ರಯಾಣಿಕರ ರೈಲು, ರೈಲ್ವೆ ಬಗ್ಗೆ ಗವರ್ನರ್ ಜನರಲ್ ಡಾಲ್‌ಹೌಸಿ ಬರೆದ ಟಿಪ್ಪಣಿ, ಕಂಪನಿಗಳಿಗೆ ಕೊಟ್ಟ ಶೇ. 5ರ ಬಡ್ಡಿ ಖಾತರಿ, ಎಲ್ಲವೂ ಬಾಯಲ್ಲೇ ಇತ್ತು. ಬರೆಯುವುದೂ ವೇಗ, ಅಕ್ಷರವೂ ಮುದ್ದು. ಇಂಥ ವಿದ್ಯಾರ್ಥಿಗೆ 20ಕ್ಕೆ 8 ಯಾಕೆ ಬಂತು ಎಂಬುದೇ ಈ ಪ್ರಕರಣ.

ಮೊದಲ ಉತ್ತರ

ಮೊದಲ ಉತ್ತರ ನಾಲ್ಕು ಪುಟ ಇತ್ತು. ಮೊದಲೆರಡು ಪುಟದಲ್ಲಿ ರೈಲಿನಿಂದ ಆದ ಲಾಭ: ಮಾರುಕಟ್ಟೆ ಒಂದಾಯಿತು, ಹತ್ತಿ, ಗೋಧಿ, ಸೆಣಬು ಬಂದರಿಗೆ ಹೋದವು, ಊರುಗಳು ಬೆಳೆದವು, ಜನ ಹತ್ತಿರವಾದರು. ಮುಂದಿನ ಒಂದೂವರೆ ಪುಟದಲ್ಲಿ ನಷ್ಟ: ಸಂಪತ್ತು ಹೊರಗೆ ಹರಿಯಿತು, ನೇಕಾರರು ಹಾಳಾದರು, ಬರಗಾಲದಲ್ಲೂ ಧಾನ್ಯ ಹೊರಗೆ ಹೋಯಿತು. ಕೊನೆಗೆ ಒಂದು ಸಾಲು: "ಹೀಗಾಗಿ ಈ ಮಾತನ್ನು ಸ್ವಲ್ಪ ಮಟ್ಟಿಗೆ ಒಪ್ಪಬಹುದು."

ಒಂದೂ ತಪ್ಪು ಮಾಹಿತಿ ಇರಲಿಲ್ಲ. ನಾನು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ. "ಪೂರ್ತಿ ಒಪ್ಪುತ್ತೇನೆ ಅನ್ನುವಲ್ಲಿಂದ ಸ್ವಲ್ಪ ಒಪ್ಪುತ್ತೇನೆ ಅನ್ನುವಲ್ಲಿಗೆ ನಿನ್ನನ್ನು ತಂದ ಸಾಲು ಯಾವುದು? ಅದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳಿ." ಅವಳು ನಾಲ್ಕೂ ಪುಟ ತಿರುವಿದಳು. ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ.

ನಾನು ನೋಡುವ ಹತ್ತರಲ್ಲಿ ಏಳು ಉತ್ತರಗಳ ಕಥೆ ಇದೇ. ಎರಡು ಪಟ್ಟಿ ಅಕ್ಕಪಕ್ಕ ಕೂತಿರುತ್ತವೆ. ತೀರ್ಪು ಮಾತ್ರ ಆ ಪಟ್ಟಿಗಳಿಂದ ಹುಟ್ಟಿರುವುದಿಲ್ಲ. ಪಟ್ಟಿಗಳ ಕ್ರಮ ಅದಲುಬದಲು ಮಾಡಿದರೂ ಕೊನೆಯ ಸಾಲು ಹಾಗೇ ಉಳಿಯುತ್ತದೆ. ಇದನ್ನು ಪತ್ತೆ ಹಚ್ಚಲು ಸುಲಭದ ದಾರಿ ಒಂದಿದೆ. ಕೊನೆಯ ಸಾಲನ್ನು ಕೈಯಿಂದ ಮುಚ್ಚಿ, ಬೇರೆಯವರಿಗೆ ಉತ್ತರ ಓದಲು ಕೊಡಬೇಕು. ಬರೆದವರ ನಿಲುವು ಏನು ಅಂತ ಅವರಿಗೆ ಹೇಳಲು ಬರದಿದ್ದರೆ, ಉತ್ತರದೊಳಗೆ ವಾದ ಇಲ್ಲ ಅಂತಲೇ ಅರ್ಥ.

ಎರಡನೇ ಉತ್ತರ

"ನಿಲುವು ಮೊದಲೇ ಹೇಳು" ಅಂದಿದ್ದೆ. ಮುಂದಿನ ವಾರ ಅವಳು ಗಟ್ಟಿ ನಿಲುವು ತಗೊಂಡೇ ಬಂದಳು. "ಖಂಡಿತ ಒಪ್ಪುವುದಿಲ್ಲ" ಎಂದು ಶುರು ಮಾಡಿ, ಭಾರತದ ಸಂಪತ್ತು ಬ್ರಿಟನ್‌ಗೆ ಹರಿದುಹೋಯಿತು ಎಂಬ ದಾದಾಭಾಯಿ ನವರೋಜಿ, ರಮೇಶ್‌ಚಂದ್ರ ದತ್ತರ ವಾದ ಹಿಡಿದು ಸಾಗಿದಳು. ಖಾತರಿ ಬಡ್ಡಿಯ ಭಾಗವನ್ನು ನಿಜಕ್ಕೂ ಚೆನ್ನಾಗಿ ಬರೆದಿದ್ದಳು. ಬ್ರಿಟನ್‌ನ ಷೇರುದಾರರಿಗೆ ಶೇ. 5 ಲಾಭ ಗ್ಯಾರಂಟಿ. ಕಂಪನಿಯ ಗಳಿಕೆ ಅಷ್ಟು ಬರದಿದ್ದರೆ ಕಡಿಮೆ ಬಿದ್ದದ್ದನ್ನು ಭಾರತದ ಖಜಾನೆ ತುಂಬಿಕೊಡಬೇಕು. ಹೀಗಿದ್ದ ಮೇಲೆ ಖರ್ಚಿನಲ್ಲಿ ಕೈ ಬಿಗಿ ಹಿಡಿಯಲು ಕಂಪನಿಗೆ ಕಾರಣವೇ ಇರಲಿಲ್ಲ. ರೈತ ಕಟ್ಟಿದ ಕಂದಾಯದಿಂದ ಲಂಡನ್‌ಗೆ ಬಡ್ಡಿ ಹೋಯಿತು.

ಓದುವಾಗ ಸಿಟ್ಟು ಬರುವಂಥ ಉತ್ತರ ಅದು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ನಾನು ಕೊಟ್ಟದ್ದು 9. ಅವಳಿಗೆ ಬೇಜಾರಾಯಿತು, ಎರಡು ದಿನ ಕ್ಲಾಸಿಗೆ ಬರಲಿಲ್ಲ.

ತೊಂದರೆ ಎಲ್ಲಿತ್ತು ಅಂದರೆ, ರೈಲು ಅನ್ಯಾಯ ಮಾಡಿತು ಎಂದು ಅವಳು ಸಾಧಿಸಿದ್ದಳು. ಪ್ರಶ್ನೆ ಕೇಳಿದ್ದು ಅದನ್ನಲ್ಲ. ರೈಲು ಪರಿವರ್ತಿಸಿತೇ ಎಂದು ಅದು ಕೇಳಿತ್ತು. ಕೆಟ್ಟದ್ದಕ್ಕೂ ಪರಿವರ್ತನೆ ಆಗಬಹುದು ಅಲ್ವಾ? ರೈಲಿನಲ್ಲಿ ಬಂದ ಮಿಲ್ ಬಟ್ಟೆಯಿಂದ ನೇಕಾರನ ಮಗ್ಗ ನಿಂತಿತು ಎಂದು ಬರೆದರೆ, ಆರ್ಥಿಕತೆ ಬದಲಾಯಿತು ಎಂಬ ಮಾತಿಗೆ ಅದೇ ಸಾಕ್ಷಿ. ಅವಳು "ಒಪ್ಪುವುದಿಲ್ಲ" ಎನ್ನುತ್ತಾ, ಒಪ್ಪುವವರಿಗೆ ಬೇಕಾದ ಪುರಾವೆಗಳನ್ನೇ ಕೊಡುತ್ತಿದ್ದಳು.

ವಸಾಹತು ಕಾಲದ ಪ್ರಶ್ನೆಗಳಲ್ಲಿ ಈ ಜಾರುವಿಕೆ ತುಂಬಾ ಸಹಜ. ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ನಮ್ಮ ಎದೆಗೆ ಹತ್ತಿರ. ಬದಲಾಯಿತೋ ಇಲ್ಲವೋ, ಎಷ್ಟು ಬದಲಾಯಿತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಎಷ್ಟೇ ಚೆನ್ನಾಗಿ ಉತ್ತರ ಬರೆದರೂ ಎರಡನೆಯದಕ್ಕೆ ಅಂಕ ಸಿಗುವುದಿಲ್ಲ.

ತಿರುವು: ಕುಮಟೆಯ ಹತ್ತಿ

ಮೂರನೇ ದಿನ ಅವಳು ಬಂದಾಗ ಕೈಯಲ್ಲಿ ಒಂದು ಹಾಳೆ ಇತ್ತು. ಬಾಂಬೆ ಪ್ರೆಸಿಡೆನ್ಸಿಯ ಹಳೆಯ ಗೆಜೆಟಿಯರ್‌ನ ಧಾರವಾಡ ಮತ್ತು ಕೆನರಾ ಸಂಪುಟಗಳಿಂದ ಬರೆದುಕೊಂಡ ಟಿಪ್ಪಣಿ. ಮನೆಯಲ್ಲಿ ಹತ್ತಿ ಬೆಳೆಯುತ್ತಾರಲ್ಲ, ಹಾಗಾಗಿ ಹತ್ತಿಯ ಭಾಗ ಹುಡುಕಿಕೊಂಡು ಓದಿದ್ದಳು. ಬಂದವಳೇ ಕೇಳಿದಳು:

"ಸರ್, ರೈಲು ಬರೂಕಿಂತ ಮೊದಲ ನಮ್ಮ ಹತ್ತಿ ವಿಲಾಯತಿಗೆ ಹೋಗತಿತ್ತಲ್ರಿ? ಹಂಗಾದ್ರ ರೈಲು ಮಾಡಿದ್ದೇನ್ರಿ?"

ಈ ಪ್ರಶ್ನೆ ಬಂದ ಗಳಿಗೆಯೇ ಇಡೀ ಪ್ರಕರಣದ ತಿರುವು. ಅದರ ಹಿಂದಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬಟ್ಟೆ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಬೆಲೆ ಗಗನಕ್ಕೇರಿತು. ಧಾರವಾಡ ಸೀಮೆಯ ರೈತರು ಹತ್ತಿಯ ಬಿತ್ತನೆ ಹೆಚ್ಚಿಸಿದರು. ಅಮೆರಿಕದ ತಳಿಯ ಬೀಜ ಇಲ್ಲಿಗೆ ಬಂದು ಆಗಲೇ ಎರಡು ದಶಕ ಆಗಿತ್ತು. ಆದರೆ ಹುಬ್ಬಳ್ಳಿ, ಗದಗಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಅಂದರೆ ಹತ್ತಿಯ ದೊಡ್ಡ ಭರಾಟೆ ನಡೆದಾಗ ಈ ಸೀಮೆಯಲ್ಲಿ ಒಂದು ಗಜ ಹಳಿಯೂ ಇರಲಿಲ್ಲ.

ಹತ್ತಿ ಹೋದದ್ದು ಎತ್ತಿನ ಗಾಡಿಯಲ್ಲಿ. ಬಯಲುಸೀಮೆಯಿಂದ ಸಿರ್ಸಿ ಕಡೆ ಹಾದು, ಘಟ್ಟ ಇಳಿದು, ಕುಮಟೆಯ ಬಂದರಿಗೆ. ಅಲ್ಲಿಂದ ಹಡಗಿನಲ್ಲಿ ಬಾಂಬೆ, ಬಾಂಬೆಯಿಂದ ಲಿವರ್‌ಪೂಲ್. ಹತ್ತಿ ಬೆಳೆದದ್ದು ಧಾರವಾಡದ ಕರಿಮಣ್ಣಿನಲ್ಲಿ, ಕುಮಟೆಯಲ್ಲಿ ಒಂದು ಗಿಡವೂ ಇಲ್ಲ. ಆದರೂ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಕುಮಟಾ ಹತ್ತಿ. ಮಾಲು ಹಡಗು ಹತ್ತಿದ ಜಾಗದ ಹೆಸರೇ ಮಾಲಿನ ಹೆಸರಾಯಿತು. ರೈಲಿಲ್ಲದೆಯೂ ಈ ಸೀಮೆ ಲೋಕದ ಮಾರುಕಟ್ಟೆಗೆ ಸೇರಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇರೆ ಗೊತ್ತಿಲ್ಲ.

ಹಾಗಾದರೆ ರೈಲು ಮಾಡಿದ್ದೇನು? ಅವಳ ಪ್ರಶ್ನೆಯನ್ನು ಹಿಡಿದು ಇಬ್ಬರೂ ಕೂತೆವು. ಮಳೆಗಾಲದಲ್ಲಿ ಘಟ್ಟದ ದಾರಿ ಬಂದ್, ಕುಮಟೆಯ ಬಂದರು ಕೂಡ ಬಂದ್. ಗಾಡಿ ದಿನಕ್ಕೆ ಸುಮಾರು 25 ಕಿಲೋಮೀಟರ್ ನಡೆಯುತ್ತದೆ. ಹತ್ತಿ ನೆನೆಯುತ್ತದೆ, ಧೂಳು ಹಿಡಿಯುತ್ತದೆ, ದಾರಿಯಲ್ಲೇ ಕಲಬೆರಕೆ ಆಗುತ್ತದೆ. ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ಸಾಗಣೆ ಅಗ್ಗವಾಯಿತು, ವರ್ಷವಿಡೀ ನಡೆಯಿತು. ಹುಬ್ಬಳ್ಳಿ, ಗದಗ ಹತ್ತಿ ಪೇಟೆಗಳಾಗಿ ಬೆಳೆದವು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್, ಒತ್ತಿ ಬೇಲು ಕಟ್ಟುವ ಪ್ರೆಸ್ಸಿಂಗ್ ಕಾರ್ಖಾನೆಗಳು ಬಂದವು. 1880ರ ದಶಕದ ಕೊನೆಗೆ ಮರ್ಮಗೋವಾ ಬಂದರಿಗೂ ರೈಲು ಸಿಕ್ಕಿತು. ಕುಮಟೆ ಸೊರಗಿತು.

ಅಂದರೆ ಹತ್ತಿಯನ್ನು ಹೊರದೇಶಕ್ಕೆ ಮಾರುವ ಬೇಸಾಯ ರೈಲಿನಿಂದ ಹುಟ್ಟಲಿಲ್ಲ. ರೈಲು ಅದರ ದಾರಿ ಬದಲಾಯಿಸಿತು, ಖರ್ಚು ಇಳಿಸಿತು, ಯಾವ ಊರು ಬೆಳೆಯಬೇಕು ಯಾವುದು ಬಡವಾಗಬೇಕು ಎಂದು ತೀರ್ಮಾನಿಸಿತು. "ಹುಟ್ಟಿಸಿತು" ಮತ್ತು "ಹೆಚ್ಚಿಸಿತು, ತಿರುಗಿಸಿತು" ಎಂಬ ಮಾತುಗಳ ನಡುವಿನ ಅಂತರದಲ್ಲೇ "ಎಷ್ಟರ ಮಟ್ಟಿಗೆ" ಎಂಬುದಕ್ಕೆ ಉತ್ತರ ಸಿಗುತ್ತದೆ.

ಅಳತೆಗೋಲು ಹುಡುಕಿದ್ದು

ಆಮೇಲೆ ಮಾಡಿದ ಮೊದಲ ತೀರ್ಮಾನ, "ಪರಿವರ್ತನೆ" ಎಂಬ ಪದಕ್ಕೆ ಒಂದು ಅರ್ಥ ಕಟ್ಟಬೇಕು ಎಂಬುದು. ಸವಿತಾ ಎರಡು ಪದರ ಮಾಡಿದಳು. ಒಂದು, ಸರಕಿನ ಓಡಾಟ: ಸಾಗಣೆ ಖರ್ಚು, ಬೆಲೆ, ವ್ಯಾಪಾರ. ಇನ್ನೊಂದು, ದುಡಿಮೆಯ ರಚನೆ: ಜನ ಯಾವ ಕೆಲಸದಿಂದ ಬದುಕುತ್ತಾರೆ, ಯಂತ್ರ ಯಾರು ತಯಾರಿಸುತ್ತಾರೆ. ಮೊದಲ ಪದರ ಮಾತ್ರ ಬದಲಾದರೆ ಅದು ಅರ್ಧ ಪರಿವರ್ತನೆ. ಎರಡೂ ಬದಲಾದರೆ ಪೂರ್ತಿ. ಇನ್ನು ಪ್ರತಿ ಪುರಾವೆಯನ್ನೂ ಈ ಗೋಲಿನಿಂದಲೇ ಅಳೆಯುವುದು ಎಂದು ನಿಕ್ಕಿ ಮಾಡಿದಳು.

ಮೊದಲ ಪದರಕ್ಕೆ ಉಪ್ಪಿನ ಉದಾಹರಣೆ ಆರಿಸಿದೆವು. ಉಪ್ಪು ಕೆಲವೇ ಜಾಗಗಳಲ್ಲಿ ತಯಾರಾಗುತ್ತಿತ್ತು, ಎಲ್ಲ ಕಡೆ ಮಾರಾಟವಾಗುತ್ತಿತ್ತು. ಹಾಗಾಗಿ ತಯಾರಾದ ಜಾಗದ ಬೆಲೆಗೂ ದೂರದ ಜಿಲ್ಲೆಯ ಬೆಲೆಗೂ ಇರುವ ಅಂತರ ನೋಡಿದರೆ ಸಾಗಣೆಯ ಖರ್ಚು ಗೊತ್ತಾಗುತ್ತದೆ. ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಬ್ರಿಟಿಷ್ ಕಾಲದ ಜಿಲ್ಲಾವಾರು ದಾಖಲೆ ಹಿಡಿದು ಇದನ್ನು ಲೆಕ್ಕ ಹಾಕಿದ್ದಾರೆ. ರೈಲು ಬಂದಲ್ಲಿ ಆ ಅಂತರ ಇಳಿಯಿತು. ರೈಲು ಮುಟ್ಟಿದ ಜಿಲ್ಲೆಯಲ್ಲಿ ಕೃಷಿಯ ನಿಜ ಆದಾಯ ಸುಮಾರು ಶೇ. 16ರಷ್ಟು ಏರಿತು.

ಇಲ್ಲಿ ಒಂದು ಅನುಮಾನ ಏಳಬೇಕು. ಮೊದಲೇ ಚೆನ್ನಾಗಿ ಬೆಳೆಯುತ್ತಿದ್ದ ಜಿಲ್ಲೆಗೇ ರೈಲು ಹಾಕಿದ್ದರೆ? ಆಗ ಆ ಏರಿಕೆ ರೈಲಿನದ್ದಲ್ಲ. ಇದನ್ನು ಪರೀಕ್ಷಿಸಲು ಅವರು ಯೋಜನೆಯಲ್ಲಿದ್ದು ಕೊನೆಗೆ ಕಟ್ಟದೇ ಬಿಟ್ಟ ಮಾರ್ಗಗಳನ್ನು ನೋಡಿದರು. ಆ ಜಿಲ್ಲೆಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಶೇ. 16 ಎಂಬ ಅಂಕಿಗಿಂತ ಈ ಒಂದು ಹೆಜ್ಜೆಯನ್ನು ಸವಿತಾ ಉತ್ತರದಲ್ಲಿ ಬರೆಯಬೇಕು ಎಂದು ನಾನು ಪಟ್ಟು ಹಿಡಿದೆ. ಒಂದು ಇನ್ನೊಂದಕ್ಕೆ ಕಾರಣವಾಗುವುದು ಬೇರೆ, ಎರಡೂ ಜೊತೆಯಲ್ಲಿ ಕಾಣುವುದು ಬೇರೆ ಎಂದು ತಿಳಿದವರ ಉತ್ತರ ಅದರಲ್ಲೇ ಗೊತ್ತಾಗುತ್ತದೆ.

ಎರಡನೇ ಪದರಕ್ಕೆ ಇಂಜಿನ್‌ಗಳ ಲೆಕ್ಕ ಸಾಕು ಅನಿಸಿತು. ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ರೈಲು ಬಂದಾಗ ಕಬ್ಬಿಣ, ಉಕ್ಕು, ಯಂತ್ರದ ಕಾರ್ಖಾನೆಗಳೂ ಅದರ ಬೆನ್ನಿಗೇ ಬೆಳೆದವು. ಭಾರತದಲ್ಲಿ 20ನೇ ಶತಮಾನದ ಶುರುವಿಗೆ ಲೋಕದ ದೊಡ್ಡ ರೈಲು ಜಾಲಗಳಲ್ಲೊಂದು ಇತ್ತು. ಜಮಾಲ್‌ಪುರ, ಅಜ್ಮೀರ್ ವರ್ಕ್‌ಶಾಪ್‌ಗಳಲ್ಲಿ ಇಂಜಿನ್ ಕಟ್ಟಬಲ್ಲ ಕೆಲಸಗಾರರೂ ಇದ್ದರು, ಕಟ್ಟಿ ತೋರಿಸಿದ್ದರು ಕೂಡ. ಆದರೂ ಸ್ವಾತಂತ್ರ್ಯ ಬರುವ ಮುನ್ನ ಇಲ್ಲಿ ತಯಾರಾದದ್ದು ಸುಮಾರು 700 ಇಂಜಿನ್. ಬ್ರಿಟನ್‌ನಿಂದ ಬಂದದ್ದು ಸುಮಾರು 12,000. ಕೈಯಲ್ಲಿ ಕಸುಬು ಇತ್ತು, ಆರ್ಡರ್ ಮಾತ್ರ ಕಡಲಾಚೆ ಹೋಯಿತು. ಇದಕ್ಕೆ ಹಳಿ ಕಾರಣವಲ್ಲ, ಖರೀದಿಯ ನೀತಿ ಕಾರಣ. 1901ರಿಂದ 1951ರವರೆಗೆ ದುಡಿಯುವವರಲ್ಲಿ ಸುಮಾರು ಶೇ. 70 ಜನ ಬೇಸಾಯದಲ್ಲೇ ಉಳಿದರು ಎಂಬುದನ್ನೂ ಇದರ ಪಕ್ಕಕ್ಕೆ ಇಟ್ಟಳು.

ಬರಗಾಲದ ಭಾಗದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ಅವಳಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ನಡುವೆ 1876-78ರ ಬರ. ಬೆಂಗಳೂರಿಗೆ ಮದ್ರಾಸ್‌ನಿಂದ ರೈಲು 1864ರಲ್ಲೇ ಬಂದಿತ್ತು. "ರೈಲಿದ್ದೂ ಇಷ್ಟು ಜನ ಸತ್ತರಲ್ರಿ" ಎನ್ನುವುದು ಅವಳ ವಾದ. ಆದರೆ ಅದೇ ಪುರಾವೆ ಇನ್ನೊಂದು ದಿಕ್ಕಿಗೂ ತಿರುಗುತ್ತದೆ. ಹಳಿ ಬೆಂಗಳೂರಿಗೇ ನಿಂತಿತ್ತು. ಧಾನ್ಯ ಅಲ್ಲಿವರೆಗೆ ಬಂದರೂ ಮುಂದೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಬೆಂಗಳೂರು-ಮೈಸೂರು ಮಾರ್ಗದ ಕೆಲಸ ಬರ ಪರಿಹಾರದ ಕಾಮಗಾರಿಯಾಗಿಯೇ ಶುರುವಾಗಿ, ಮೈಸೂರಿಗೆ ರೈಲು ಮುಟ್ಟುವಾಗ 1882 ಆಗಿತ್ತು. ಅಂದರೆ ರೈಲಿದ್ದೂ ಜನ ಸತ್ತರೋ, ರೈಲು ಸಾಲದೆ ಸತ್ತರೋ, ಕೈಯಲ್ಲಿ ಕಾಸಿಲ್ಲದವನಿಗೆ ಸ್ಟೇಷನ್ನಿನಲ್ಲಿದ್ದ ಧಾನ್ಯದಿಂದ ಏನು ಪ್ರಯೋಜನ ಎಂದು ಕೇಳಬೇಕೋ? ಇದನ್ನು 40 ನಿಮಿಷದಲ್ಲಿ ಬಿಡಿಸಲು ಆಗದು. ಅರ್ಧ ಬಿಡಿಸಿದ ಪುರಾವೆ ಉತ್ತರವನ್ನು ಎರಡೂ ಕಡೆ ಎಳೆಯುತ್ತದೆ. ಇಷ್ಟು ಜನರ ಸಾವನ್ನು ಒಂದು ಸಾಲಿನಲ್ಲಿ ತುರುಕುವುದಕ್ಕಿಂತ ಬಿಡುವುದೇ ಸರಿ ಎಂದು ಕೊನೆಗೆ ಅವಳೇ ಒಪ್ಪಿದಳು.

ಇನ್ನೂ ಒಂದು ಕೊರತೆ ಇತ್ತು. ಪ್ರಶ್ನೆಯಲ್ಲಿ "ಆರ್ಥಿಕತೆಗಳು" ಎಂಬ ಬಹುವಚನ ಇದೆ. ಮೊದಲೆರಡು ಉತ್ತರಗಳಲ್ಲಿ ಭಾರತ ಬಿಟ್ಟು ಬೇರೆ ನಾಡೇ ಇರಲಿಲ್ಲ. ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾವನ್ನು ಆರಿಸಿದೆವು. ಸೆಕೊಂಡಿ ಬಂದರಿನಿಂದ ಕುಮಾಸಿಗೆ 1903ರಲ್ಲಿ ರೈಲು ಮುಟ್ಟಿತು. ಬ್ರಿಟಿಷರು ಅದನ್ನು ಹಾಕಿದ್ದು ಚಿನ್ನದ ಗಣಿಗಾಗಿ ಮತ್ತು ಅಸಾಂಟೆ ಪ್ರದೇಶವನ್ನು ಹಿಡಿತದಲ್ಲಿ ಇಡಲು. ಆದರೆ ಅದರ ಪಕ್ಕದಲ್ಲಿ ಹಬ್ಬಿದ್ದು ಕೋಕೋ. 1911ರ ಹೊತ್ತಿಗೆ ಕೋಕೋ ರಫ್ತಿನಲ್ಲಿ ಗೋಲ್ಡ್ ಕೋಸ್ಟ್ ಲೋಕಕ್ಕೇ ಮೊದಲು. ಅಲ್ಲಿನ ಕಾಡಿನಲ್ಲಿ ತ್ಸೆತ್ಸೆ ನೊಣದ ಕಾಟ. ಎತ್ತು, ಕುದುರೆ ಬದುಕುತ್ತಿರಲಿಲ್ಲ. ರೈಲಿಗೆ ಮುಂಚೆ ಇದ್ದದ್ದು ತಲೆಹೊರೆ ಒಂದೇ, ಇಲ್ಲವೇ ಪೀಪಾಯಿಯಲ್ಲಿ ತುಂಬಿ ರಸ್ತೆ ಮೇಲೆ ಉರುಳಿಸುವುದು. ಅಂಥ ಕಡೆ ರೈಲಿನ ಪರಿಣಾಮ ಎತ್ತಿನ ಗಾಡಿ ಇದ್ದ ಧಾರವಾಡಕ್ಕಿಂತ ದೊಡ್ಡದಾಗುವುದು ಸಹಜ. ಆದರೂ ಅದೇ ನಾಡಿನ ಪೂರ್ವ ಭಾಗದಲ್ಲಿ ರೈತರು ರೈಲಿಗೆ ಕಾಯದೆ, ತಾವೇ ಜಮೀನು ಕೊಂಡು ಕೋಕೋ ಹಾಕಿದ್ದರು. ಇದು ಕುಮಟೆಯ ಕಥೆಗೆ ಅಣ್ಣತಮ್ಮನ ಹಾಗಿದೆ.

ಮೂರನೇ ಉತ್ತರ

ಈ ಸಲ ಉತ್ತರ ಮೂರೇ ಪುಟ. ಶುರು ಹೀಗಿತ್ತು. ಅವಳ ಒಪ್ಪಿಗೆ ಪಡೆದು ಹಾಗೇ ಕೊಡುತ್ತಿದ್ದೇನೆ:

"ಸರಕು ಸಾಗುವ ರೀತಿಯನ್ನೂ ಬೆಲೆಗಳನ್ನೂ ರೈಲ್ವೆಗಳು ಆಳವಾಗಿ ಬದಲಾಯಿಸಿದವು ಎಂಬುದನ್ನು ಒಪ್ಪುತ್ತೇನೆ. ಜನರ ದುಡಿಮೆಯ ರಚನೆಯನ್ನು ಬದಲಾಯಿಸಿದವು ಎಂಬುದನ್ನು ಒಪ್ಪುವುದಿಲ್ಲ. ಈ ಎರಡರ ನಡುವಿನ ಅಂತರಕ್ಕೆ ಕಾರಣ ರೈಲಲ್ಲ, ರೈಲನ್ನು ಯಾರಿಗಾಗಿ ನಡೆಸಬೇಕೆಂದು ತೀರ್ಮಾನಿಸಿದ ಆಡಳಿತ."

ಪೆನ್ಸಿಲ್ ಕೊಟ್ಟು ಗೆರೆ ಎಳಿ ಅಂದಿದ್ದರೆ ಈಗ ಪ್ರತಿ ಪ್ಯಾರಾದಲ್ಲೂ ಎಳೆಯಬಹುದಿತ್ತು. ಕುಮಟೆ ಪ್ಯಾರಾ ಹೀಗೆ ಮುಗಿದಿತ್ತು: "ಆದ್ದರಿಂದ ಧಾರವಾಡದಲ್ಲಿ ರೈಲು ರಫ್ತು ಬೇಸಾಯಕ್ಕೆ ತಾಯಿಯಲ್ಲ. ಹುಟ್ಟಿದ ಮಗುವನ್ನು ಬೇರೆ ಬಾಗಿಲಿನಿಂದ ಹೊರಗೆ ಕರೆದೊಯ್ದದ್ದು ಅದು." ಎರಡನೇ ಉತ್ತರದ ಖಾತರಿ ಬಡ್ಡಿಯ ಭಾಗವೂ ಇಲ್ಲಿ ವಾಪಸ್ ಬಂದಿತ್ತು. ಆದರೆ ಈಗ ಅದಕ್ಕೆ ಬೇರೆ ಕೆಲಸ. ಅನ್ಯಾಯದ ಉದಾಹರಣೆಯಾಗಿ ಅಲ್ಲ, ಎರಡನೇ ಪದರ ಯಾಕೆ ಬದಲಾಗಲಿಲ್ಲ ಎಂಬುದಕ್ಕೆ ಕಾರಣವಾಗಿ. ಒಳನಾಡಿನ ಊರಿಂದ ಊರಿಗೆ ಸಾಗಿಸುವ ದರಕ್ಕಿಂತ ಬಂದರಿಗೆ ಸಾಗಿಸುವ ದರ ಕಡಿಮೆ ಇಟ್ಟಿದ್ದರು, ಸರ್ಕಾರ ನೇಮಿಸಿದ್ದ 1916-18ರ ಕೈಗಾರಿಕಾ ಆಯೋಗವೇ ಇದನ್ನು ಟೀಕಿಸಿತ್ತು ಎಂದು ಜೊತೆಗೆ ಸೇರಿಸಿದ್ದಳು. ಅದೇ ಸಿಟ್ಟು, ಅದೇ ಪುರಾವೆ. ಕೂತ ಜಾಗ ಬೇರೆಯಾದ್ದರಿಂದ ಈಗ ಅದು ಪ್ರಶ್ನೆಗೆ ಉತ್ತರ ಕೊಡುತ್ತಿತ್ತು.

ನಾನು 14 ಕೊಟ್ಟೆ. ಗೋಲ್ಡ್ ಕೋಸ್ಟ್ ಪ್ಯಾರಾ ಕೊನೆಯಲ್ಲಿ ಒಂಟಿಯಾಗಿ ನಿಂತಿತ್ತು. ಅದನ್ನು ಕುಮಟೆಯ ಪಕ್ಕಕ್ಕೇ ಕೂರಿಸಿದ್ದರೆ ಇನ್ನೊಂದು ಅಂಕ ಸಿಗುತ್ತಿತ್ತು. ಈಗ ನಾನು ಹೊಸಬರಿಗೆ ಇದನ್ನೇ ಮೊದಲು ಹೇಳುತ್ತೇನೆ: ಬೇರೆ ನಾಡಿನ ಉದಾಹರಣೆಗೆ ಪ್ರತ್ಯೇಕ ಪ್ಯಾರಾ ಕೊಡಬೇಡಿ, ಅದು ಯಾವ ಮಾತನ್ನು ಪರೀಕ್ಷಿಸುತ್ತದೋ ಆ ಮಾತಿನ ಬೆನ್ನಿಗೇ ಇಡಿ. ಇನ್ನೊಂದು ಬದಲಾವಣೆಯನ್ನೂ ಮಾಡಿಕೊಂಡೆ. ಮೊದಲು "ನಿಲುವು ಹೇಳು" ಎನ್ನುತ್ತಿದ್ದೆ. ಆ ಸಲಹೆಯೇ ಸವಿತಾಳನ್ನು ಎರಡನೇ ಉತ್ತರದ ಕಡೆ ತಳ್ಳಿತ್ತು. ಈಗ ನಿಲುವಿಗಿಂತ ಮೊದಲು ಅಳತೆಗೋಲು ಬರೆಸುತ್ತೇನೆ. 40 ನಿಮಿಷದಲ್ಲಿ ಮೊದಲ 7 ನಿಮಿಷ ಅದಕ್ಕೇ ಮೀಸಲು.

ಅದೇ ಉತ್ತರವನ್ನು ಇತಿಹಾಸ ಕಲಿಸುವ ನನ್ನ ಗೆಳೆಯರೊಬ್ಬರಿಗೆ ಅಂಕ ಮುಚ್ಚಿ ಕೊಟ್ಟೆ. ಅವರು 12 ಕೊಟ್ಟರು. ಅವರ ತಕರಾರು ಹೀಗಿತ್ತು: ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ನೋಡಿ. 1880ರ ದಶಕದಿಂದ ಎಷ್ಟೋ ಮನೆಗಳು ಬೇಸಾಯ ಬಿಟ್ಟು ಗಂಟೆ ಹೊಡೆದಾಗ ಕೆಲಸಕ್ಕೆ ಹೋಗುವ ಮನೆಗಳಾದವು. ಇದು ದುಡಿಮೆಯ ರಚನೆ ಬದಲಾದದ್ದಲ್ಲವೇ? ದೇಶದ ಸರಾಸರಿ ಹಿಡಿದು "ಶೇ. 70 ಹಾಗೇ ಉಳಿಯಿತು" ಎಂದರೆ ಹುಬ್ಬಳ್ಳಿಯಂಥ ಊರು ಕಣ್ಣಿಗೆ ಬೀಳುವುದೇ ಇಲ್ಲ.

ತಕರಾರು ಸರಿಯಾಗಿತ್ತು. ಸವಿತಾಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಇಂಜಿನ್ ಪ್ಯಾರಾದ ಕೆಳಗೆ ಎರಡು ಸಾಲು ಸೇರಿಸಿದಳು: "ಹುಬ್ಬಳ್ಳಿ, ಜಮಾಲ್‌ಪುರದಂಥ ಊರುಗಳಲ್ಲಿ ದುಡಿಮೆಯೇ ಬದಲಾಯಿತು. ಅದು ಹಳಿಯ ಉದ್ದಕ್ಕೂ ಹಬ್ಬದೆ ವರ್ಕ್‌ಶಾಪ್ ಇದ್ದ ಊರಿಗೇ ನಿಂತಿತು ಎಂಬುದು ನನ್ನ ವಾದ."